ಜನಗಣತಿಯ ವಕ್ರರೇಖೆಯಲ್ಲಿ ನಾಲ್ಕನೇ ಘಾತ ಕಾಣೆಯಾದದ್ದೇಕೆ?

ಪ್ರಶ್ನೆ: 1901ರಿಂದ 2011ರವರೆಗಿನ ಹನ್ನೆರಡು ಜನಗಣತಿಗಳಲ್ಲಿ ದಾಖಲಾದ ಭಾರತದ ಜನಸಂಖ್ಯೆಗೆ ಆರ್ ತಂತ್ರಾಂಶದಲ್ಲಿ ನಾಲ್ಕನೇ ಘಾತದ ಬಹುಪದೋಕ್ತಿಯನ್ನು ಹೊಂದಿಸುತ್ತಿದ್ದೇನೆ. ಇಸವಿಯನ್ನೇ t ಎಂದು ಇಟ್ಟುಕೊಂಡರೆ t^4ರ ಎದುರು `NA` ಬರುತ್ತದೆ. ಇಸವಿಯನ್ನು 1000ದಿಂದ ಭಾಗಿಸಿದರೂ ಅದೇ ಕಥೆ. ಸಹೋದ್ಯೋಗಿಯೊಬ್ಬರು `poly()` ಬಳಸಿ ಉತ್ತರ ತೆಗೆದರು, ಆದರೆ ಅದರ ಗುಣಾಂಕಗಳು ಏನನ್ನು ಹೇಳುತ್ತವೆಂದು ಇಬ್ಬರಿಗೂ ತಿಳಿಯಲಿಲ್ಲ. ನನ್ನ ಅಂಕಿಗಳು ಸಾಲವೇ? ಯಾವ ಉತ್ತರವನ್ನು ನಂಬಬೇಕು?

ಉತ್ತರ: ಅಂಕಿಗಳು ಸಾಕು. ಹನ್ನೆರಡು ಬಿಂದುಗಳಿಂದ ಐದು ಗುಣಾಂಕಗಳನ್ನು ತೆಗೆಯಲು ಗಣಿತದ ಅಡ್ಡಿ ಏನೂ ಇಲ್ಲ. ತೊಂದರೆ ಇರುವುದು ಕಾಲವನ್ನು ಎಲ್ಲಿಂದ ಎಣಿಸಲು ತೊಡಗಿದಿರಿ ಎಂಬುದರಲ್ಲಿ. ಸಹೋದ್ಯೋಗಿಯ ಉತ್ತರ ಸರಿಯಾಗಿದೆ, ಅದನ್ನು ಓದುವ ಬಗೆಯನ್ನು ಮುಂದೆ ಹೇಳುತ್ತೇನೆ.

ಮೊದಲು ಆ `NA` ಎಲ್ಲಿಂದ ಬಂತೆಂದು ನೋಡೋಣ. `lm` ನಿಮ್ಮ ಡಿಸೈನ್ ಮ್ಯಾಟ್ರಿಕ್ಸಿನ ಕಾಲಮ್ಮುಗಳನ್ನು, ಅಂದರೆ 1, t, t², t³, t⁴ ಇವನ್ನು, ಎಡದಿಂದ ಬಲಕ್ಕೆ ಒಂದೊಂದಾಗಿ ತೆಗೆದುಕೊಳ್ಳುತ್ತದೆ. ಪ್ರತಿ ಕಾಲಮ್ಮಿನಿಂದಲೂ ಅದರ ಹಿಂದಿನ ಕಾಲಮ್ಮುಗಳು ವಿವರಿಸಬಲ್ಲ ಭಾಗವನ್ನು ಕಳೆಯುತ್ತದೆ. ಉಳಿದ ಭಾಗದ ಉದ್ದ ಮೂಲ ಉದ್ದದ ಒಂದು ಕೋಟಿಯಲ್ಲಿ ಒಂದು ಪಾಲಿಗಿಂತ (10⁻⁷) ಕಡಿಮೆಯಾದರೆ, ಈ ಕಾಲಮ್ಮಿನಲ್ಲಿ ಹೊಸದೇನೂ ಇಲ್ಲವೆಂದು ತೀರ್ಮಾನಿಸಿ ಅದನ್ನು ಕೈಬಿಡುತ್ತದೆ. ನಿಮ್ಮ ಹನ್ನೆರಡು ಇಸವಿಗಳಿಗೆ ಈ ಅನುಪಾತವನ್ನು ಲೆಕ್ಕ ಹಾಕಿದರೆ t²ಗೆ ಸುಮಾರು 2.8×10⁻⁴, t³ಗೆ 4×10⁻⁶, t⁴ಗೆ 6×10⁻⁸ ಬರುತ್ತದೆ. ಮೂರನೇ ಘಾತ ಹೇಗೋ ದಾಟಿಕೊಂಡಿತು, ನಾಲ್ಕನೆಯದು ಹೊಸ್ತಿಲಲ್ಲೇ ಉಳಿಯಿತು. `summary` ಕೊಟ್ಟರೆ ಗುಣಾಂಕಗಳ ಪಟ್ಟಿಯ ತಲೆಯಲ್ಲಿ `(1 not defined because of singularities)` ಎಂಬ ಸಾಲು ಕಾಣುತ್ತದೆ. ಅದನ್ನು ಓದದೆ ಮುಂದೆ ಹೋದವರು ಮೂರನೇ ಘಾತದ ರೇಖೆಯನ್ನೇ ನಾಲ್ಕನೆಯದೆಂದು ವರದಿಯಲ್ಲಿ ಬರೆದುಬಿಡುವುದುಂಟು.

1000ದಿಂದ ಭಾಗಿಸಿದ್ದು ಏಕೆ ಕೆಲಸಕ್ಕೆ ಬರಲಿಲ್ಲವೆಂಬುದೂ ಇದರಿಂದಲೇ ತಿಳಿಯುತ್ತದೆ. ಭಾಗಿಸಿದಾಗ ಕಾಲಮ್ಮಿನ ಉದ್ದವೂ ಉಳಿದ ಭಾಗದ ಉದ್ದವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅನುಪಾತ ಹಾಗೆಯೇ ಇರುತ್ತದೆ. 1901 ಮತ್ತು 2011ರ ನಡುವಿನ ಅಂತರ ಅವುಗಳ ಗಾತ್ರದ ಮುಂದೆ ಶೇಕಡಾ ಆರರಷ್ಟೂ ಇಲ್ಲ. ಅಷ್ಟು ಕಿರಿದಾದ ತುಣುಕಿನಲ್ಲಿ t² ಹೆಚ್ಚುಕಡಿಮೆ ನೇರ ಗೆರೆಯಂತೆಯೇ ಕಾಣುತ್ತದೆ: t ಮತ್ತು t²ಗಳ ಸಹಸಂಬಂಧ 0.99997. ಕಾಲಮ್ಮುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುವಾಗ ಅವುಗಳ ಉದ್ದವನ್ನು ಬದಲಿಸಿದರೆ ದಿಕ್ಕು ಬದಲಾಗುವುದಿಲ್ಲ. ದಿಕ್ಕನ್ನು ಬದಲಿಸುವುದು ಸರಾಸರಿ ಇಸವಿಯನ್ನು ಕಳೆಯುವ ಕ್ರಿಯೆ.

ನಿಮ್ಮ ಇಸವಿಗಳ ಸರಾಸರಿ 1956, ಅಲ್ಲಿಂದ ಎರಡೂ ತುದಿಗಳಿಗೆ ದೂರ 55 ವರ್ಷ. ಆದ್ದರಿಂದ u = (t − 1956)/55 ಎಂದು ಇಟ್ಟುಕೊಂಡರೆ u −1ರಿಂದ +1ರವರೆಗೆ ಓಡಾಡುತ್ತದೆ. ಜನಸಂಖ್ಯೆಯನ್ನು ಕೋಟಿಗಳಲ್ಲಿ ಬರೆದಿದ್ದೇನೆ.

```r
t <- seq(1901, 2011, by = 10)
y <- c(23.84, 25.21, 25.13, 27.90, 31.87, 36.11,
       43.92, 54.82, 68.33, 84.64, 102.87, 121.09)
u <- (t - 1956) / 55
m1 <- lm(y ~ u + I(u^2) + I(u^3) + I(u^4))
m2 <- lm(y ~ poly(t, 4))
kappa(model.matrix(m1), exact = TRUE)
```

ಕೊನೆಯ ಸಾಲು ಕಂಡಿಷನ್ ನಂಬರನ್ನು ಕೊಡುತ್ತದೆ. ದತ್ತಾಂಶದಲ್ಲೋ ಲೆಕ್ಕದ ಅಂಕೆ ಕಡಿತದಲ್ಲೋ ಆಗುವ ಸಣ್ಣ ದೋಷ ಗುಣಾಂಕಗಳನ್ನು ತಲುಪುವ ಹೊತ್ತಿಗೆ ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಬಹುದು ಎಂಬುದರ ಅಳತೆ ಅದು. ಮೂರನೇ ಘಾತದವರೆಗಿನ ಮ್ಯಾಟ್ರಿಕ್ಸನ್ನೇ ತೆಗೆದುಕೊಂಡರೆ, ಇಸವಿಯನ್ನು ಹಾಗೆಯೇ ಇಟ್ಟಾಗ ಅದು ಸುಮಾರು 1.8×10¹⁵. ಗಣಕದ ಸಾಮಾನ್ಯ ದಶಮಾಂಶ ಲೆಕ್ಕಕ್ಕೆ ಇರುವುದೇ ಹದಿನಾರು ಅಂಕೆಗಳ ನಿಖರತೆ. 1956ನ್ನು ಕಳೆದ ಮಾತ್ರಕ್ಕೆ ಅದು 1.2 ಲಕ್ಷಕ್ಕೆ ಇಳಿಯುತ್ತದೆ, 55ರಿಂದ ಭಾಗಿಸಿದ ಮೇಲೆ 7ಕ್ಕೆ. ನಾಲ್ಕನೇ ಘಾತವನ್ನು ಸೇರಿಸಿದರೆ uದಲ್ಲಿ ಅದು ಸುಮಾರು 17 ಆಗುತ್ತದೆ. ಇಸವಿಯಲ್ಲಿಯೇ ಬಿಟ್ಟರೆ 10²⁰ನ್ನು ದಾಟುತ್ತದೆ, ಆ ಸಂಖ್ಯೆಯನ್ನು ಗಣಕವೂ ಸರಿಯಾಗಿ ಲೆಕ್ಕ ಹಾಕಲಾರದು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. 10¹⁵ ಎಂದರೆ ಹದಿನೈದು ಅಂಕೆಗಳೂ ಹೋದವೆಂದು ಅರ್ಥವಲ್ಲ, ಏಕೆಂದರೆ ಅದರ ದೊಡ್ಡ ಪಾಲು ಕಾಲಮ್ಮುಗಳ ಉದ್ದದ ಅಸಮತೆಯಿಂದ ಬಂದದ್ದು. ಪ್ರತಿ ಕಾಲಮ್ಮನ್ನೂ ಅದರ ಉದ್ದದಿಂದಲೇ ಭಾಗಿಸಿ ನೋಡಿದರೆ ಮೂರನೇ ಘಾತಕ್ಕೆ ಉಳಿಯುವುದು ಸುಮಾರು 20 ಲಕ್ಷ. ಕ್ಯೂಆರ್ ವಿಧಾನ ಬಳಸುವ `lm` ಇಷ್ಟನ್ನು ತಾಳಿಕೊಳ್ಳುತ್ತದೆ. ಪಠ್ಯಪುಸ್ತಕದಂತೆ XᵀX ಕಟ್ಟಿ ನಾರ್ಮಲ್ ಸಮೀಕರಣಗಳನ್ನು ಬಿಡಿಸಿದರೆ ಮಾತ್ರ ಈ ಸಂಖ್ಯೆ ವರ್ಗಗೊಂಡು 4×10¹²ಕ್ಕಿಂತ ಹೆಚ್ಚಾಗುತ್ತದೆ, ಆಗ ನಂಬಬಹುದಾದ ಅಂಕೆಗಳು ಮೂರೋ ನಾಲ್ಕೋ ಉಳಿಯುತ್ತವೆ. ಅದಕ್ಕಾಗಿಯೇ ಸ್ವಂತ ಕೋಡಿನಲ್ಲಿ `solve(t(X) %*% X)` ಎಂದು ಬರೆಯುವವರಿಗೆ ಈ ಪೆಟ್ಟು ಮೊದಲು ಬೀಳುತ್ತದೆ.

ಈಗ `m1` ಕೊಡುವ ಉತ್ತರ:

y = 39.91 + 43.98u + 41.56u² + 4.85u³ − 8.92u⁴

ಇದನ್ನು ಕಣ್ಣಿನಲ್ಲೇ ಪರೀಕ್ಷಿಸಬಹುದು. ಮೊದಲ ಪದ 1956ರ ಅಂದಾಜು ಜನಸಂಖ್ಯೆ, ಅದು 1951ರ 36.11 ಕೋಟಿ ಮತ್ತು 1961ರ 43.92 ಕೋಟಿಗಳ ನಡುವೆ ಸರಿಯಾಗಿ ಕುಳಿತಿದೆ. u = 1 ಎಂದು ಹಾಕಿದರೆ 121.38 ಬರುತ್ತದೆ, 2011ರ ಎಣಿಕೆ 121.09. ಇದೇ ವಕ್ರರೇಖೆಯನ್ನು tಯಲ್ಲಿ ಬಿಡಿಸಿ ಬರೆದರೆ ಮೊದಲ ಪದ ಸುಮಾರು ಋಣ 1.4 ಕೋಟಿ ಆಗುತ್ತದೆ, ಘಟಕವೂ ಕೋಟಿಯೇ, ಅಂದರೆ ಒಂದೂಕಾಲು ಕೋಟಿಗೂ ಮಿಕ್ಕಿದ ಕೋಟಿಗಳು, ಅದೂ ಋಣದಲ್ಲಿ. ಅದು ‘ಇಸವಿ ಸೊನ್ನೆಯ ಜನಸಂಖ್ಯೆ’. ಮಿಕ್ಕ ಪದಗಳೂ ಅದೇ ಗಾತ್ರದವು. ಅವು ಪರಸ್ಪರ ವಜಾ ಆಗಿ ಕೊನೆಗೆ 121 ಉಳಿಯಬೇಕು. ಎಕ್ಸೆಲ್ ಚಾರ್ಟಿನ ಮೇಲೆ ಕಾಣುವ ಸಮೀಕರಣದಿಂದ ಐದು ಅಂಕೆಗಳ ಗುಣಾಂಕಗಳನ್ನು ನಕಲು ಮಾಡಿ ಸೆಲ್ಲಿನಲ್ಲಿ ಸೂತ್ರ ಬರೆದವರಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಕೋಟಿಗಳ ದೋಷ ಬರುವುದು ಇದೇ ಕಾರಣಕ್ಕೆ. ರೇಖೆ ಚಿತ್ರದಲ್ಲಿ ಬಿಂದುಗಳ ಮೇಲೆಯೇ ಹಾದುಹೋಗುತ್ತಿದ್ದು, ಸೂತ್ರ ಮಾತ್ರ ಎಲ್ಲೋ ಹಾರಿದ್ದರೆ ಮೊದಲು ಇದನ್ನೇ ಶಂಕಿಸಿ.

ಇನ್ನು `poly()`. uದಲ್ಲಿ ಬರೆದಾಗಲೂ ಕಾಲಮ್ಮುಗಳು ಪೂರ್ತಿ ಬೇರೆಯಾಗಿಲ್ಲ. ಇಸವಿಗಳು ಮಧ್ಯದ ಎರಡೂ ಬದಿಗೆ ಸಮನಾಗಿ ಹರಡಿರುವುದರಿಂದ u ಮತ್ತು u²ಗಳಿಗೆ ಸಂಬಂಧ ಉಳಿದಿಲ್ಲ, ಆದರೆ u ಮತ್ತು u³ಗಳ ಸಹಸಂಬಂಧ ಇನ್ನೂ 0.92 ಇದೆ. u³ಯಿಂದ uದ ಪಾಲನ್ನು ಕಳೆದುಬಿಟ್ಟರೆ ಉಳಿಯುವುದೇ ಮೂರನೇ ಘಾತದ ಲಂಬ ಬಹುಪದೋಕ್ತಿ. ಸಮಾನ ಅಂತರದ ಹನ್ನೆರಡು ಬಿಂದುಗಳಿಗೆ ಅದರ ಬೆಲೆಗಳು ಹಳೆಯ ಸಂಖ್ಯಾಶಾಸ್ತ್ರದ ಕೋಷ್ಟಕಗಳಲ್ಲಿ ಪೂರ್ಣಾಂಕಗಳಾಗಿಯೇ ಸಿಗುತ್ತವೆ: −33, 3, 21, 25, 19, 7, −7, −19, −25, −21, −3, 33. ಇವುಗಳ ವರ್ಗಗಳ ಮೊತ್ತ 5148. ನಿಮ್ಮ ಹನ್ನೆರಡು ಜನಸಂಖ್ಯೆಗಳನ್ನು ಕ್ರಮವಾಗಿ ಇವುಗಳಿಂದ ಗುಣಿಸಿ ಕೂಡಿದರೆ 225.09 ಬರುತ್ತದೆ. ಅದನ್ನು 5148ರ ವರ್ಗಮೂಲವಾದ 71.75ರಿಂದ ಭಾಗಿಸಿದರೆ 3.14. `m2`ರ ಮೂರನೇ ಗುಣಾಂಕ ಇದೇ. ಮ್ಯಾಟ್ರಿಕ್ಸ್ ಬಿಡಿಸುವ ಕೆಲಸವೇ ಇಲ್ಲ, ಕಾಗದ ಪೆನ್ಸಿಲಿನಲ್ಲಿ ಮುಗಿಯುತ್ತದೆ.

ನಾಲ್ಕೂ ಗುಣಾಂಕಗಳು ಕ್ರಮವಾಗಿ 103.03, 39.53, 3.14, −2.99. ಇವು ಇಂತಿಷ್ಟು ವರ್ಷಕ್ಕೆ ಇಷ್ಟು ಕೋಟಿ ಎಂದು ಹೇಳುವುದಿಲ್ಲ. ಇವುಗಳ ವರ್ಗವನ್ನು ಓದಬೇಕು: ಆ ಘಾತ ಸೇರಿದ್ದರಿಂದ ಉಳಿಕೆಗಳ ವರ್ಗಗಳ ಮೊತ್ತ ಎಷ್ಟು ಇಳಿಯಿತೆಂಬುದನ್ನು ಅದು ನೇರವಾಗಿ ಕೊಡುತ್ತದೆ. ನೇರ ಗೆರೆ ಹಾಕಿದ ಮೇಲೆ ಆ ಮೊತ್ತ 1583.6. ಎರಡನೇ ಘಾತ ಅದನ್ನು 21.3ಕ್ಕೆ ತರುತ್ತದೆ, ಮೂರನೆಯದು 11.5ಕ್ಕೆ, ನಾಲ್ಕನೆಯದು 2.5ಕ್ಕೆ. ಮುಂದಿನ ಘಾತ ಸೇರಿಸಿದರೆ ಹಿಂದಿನ ಗುಣಾಂಕ ಅಲುಗುವುದಿಲ್ಲ, ಹೀಗಾಗಿ ಎಲ್ಲಿ ನಿಲ್ಲಿಸಬೇಕೆಂದು ಮೆಟ್ಟಿಲು ಮೆಟ್ಟಿಲಾಗಿ ತೀರ್ಮಾನಿಸಬಹುದು. `m1`ರಲ್ಲಿ ಆ ಅನುಕೂಲವಿಲ್ಲ, ಅಲ್ಲಿ uದ ಎದುರಿನ ಟಿ-ಮೌಲ್ಯ ನೋಡಿ ಆ ಪದವನ್ನು ಕಿತ್ತುಹಾಕುವುದು ತಪ್ಪು. ಅದು 1956ರಲ್ಲಿದ್ದ ಇಳಿಜಾರನ್ನಷ್ಟೇ ಹೇಳುತ್ತದೆ, ಮಧ್ಯಬಿಂದುವನ್ನು ಸರಿಸಿದರೆ ಬದಲಾಗುತ್ತದೆ.

ನಿಮ್ಮ ಪ್ರಕರಣದ ಸ್ವಾರಸ್ಯವೆಂದರೆ ನಾಲ್ಕನೇ ಘಾತ ಬರೀ ಅಲಂಕಾರವಲ್ಲ. 11.5ರಿಂದ 2.5ಕ್ಕೆ ಇಳಿದದ್ದಕ್ಕೆ ಎಫ್-ಮೌಲ್ಯ ಸುಮಾರು 25. 1921ರವರೆಗೆ ಹೆಚ್ಚುಕಡಿಮೆ ನಿಂತೇ ಇದ್ದ ಜನಸಂಖ್ಯೆ ಆಮೇಲೆ ಏರಿ, ಕೊನೆಯ ದಶಕಗಳಲ್ಲಿ ವೇಗ ಹೆಚ್ಚಿಸಿಕೊಳ್ಳುವುದನ್ನು ಬಿಟ್ಟದ್ದನ್ನು ಆ ಋಣ ಗುಣಾಂಕ ಹಿಡಿಯುತ್ತದೆ: 1991ರಿಂದ 2001ಕ್ಕೆ 18.23 ಕೋಟಿ ಸೇರಿದರೆ, ಮುಂದಿನ ದಶಕದಲ್ಲಿ ಸೇರಿದ್ದು 18.22. ತಂತ್ರಾಂಶ ಸದ್ದಿಲ್ಲದೆ ಕೈಬಿಟ್ಟದ್ದು ಈ ಮಾಹಿತಿಯನ್ನು. ಆದರೆ ಐದನೇ, ಆರನೇ ಘಾತಕ್ಕೆ ಹೋಗಬೇಡಿ. 1981ರಲ್ಲಿ ಅಸ್ಸಾಮಿನಲ್ಲೂ 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲೂ ಗಣತಿ ನಡೆಯಲಿಲ್ಲ, ಆ ಭಾಗಗಳ ಅಂಕಿಗಳು ಅಂದಾಜಿನವು. ಈಗ ಉಳಿದಿರುವ ಅರ್ಧ ಕೋಟಿಯ ಆಸುಪಾಸಿನ ಏರಿಳಿತಗಳಲ್ಲಿ ಅರ್ಥ ಹುಡುಕುವುದು ವ್ಯರ್ಥ.

ಬಳಕೆಯಲ್ಲಿ ಎಡವುವ ಒಂದು ಜಾಗವಿದೆ. ಹೊಸ ಇಸವಿಗೆ ಅಂದಾಜು ಮಾಡುವಾಗಲೂ ಅದೇ 1956 ಮತ್ತು ಅದೇ 55 ಇರಬೇಕು. ಹೊಸ ಇಸವಿಗಳ ಸರಾಸರಿಯನ್ನು ತೆಗೆದರೆ ಗುಣಾಂಕಗಳು ಬೇರೆ ಅಳತೆಗೋಲಿನ ಮೇಲೆ ಕೂರುತ್ತವೆ. `poly(t, 4)` ಬಳಸಿದ್ದರೆ ಹೊಸ ಇಸವಿಗಳ ಮೇಲೆ `poly()`ಯನ್ನು ಕೈಯಾರೆ ಮತ್ತೆ ಕರೆಯದೆ `predict(m2, data.frame(t = 2031))` ಎಂದೇ ಬರೆಯಿರಿ, ಮೂಲ ಬಿಂದುಗಳ ಲಂಬ ಬಹುಪದೋಕ್ತಿಗಳನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಪೈಥಾನಿನಲ್ಲಿ `numpy.polynomial.Polynomial.fit` ತಾನಾಗಿಯೇ −1ರಿಂದ 1ಕ್ಕೆ ಒಗ್ಗಿಸಿಕೊಳ್ಳುತ್ತದೆ, ಆದರೆ ಅದರ `.coef` ಒಗ್ಗಿಸಿದ ಚಲಕದ್ದು. ಇಸವಿಯದ್ದೇ ಬೇಕೆಂದರೆ `.convert()` ಮಾಡಬೇಕು, ಹಾಗೆ ಮಾಡಿದ ಕ್ಷಣ ಆ ಋಣ ಕೋಟಿ ಕೋಟಿಗಳು ಮರಳಿ ಬರುತ್ತವೆ.

`m1` ಮತ್ತು `m2` ಒಂದೇ ವಕ್ರರೇಖೆಯ ಎರಡು ಬರಹಗಳು: `fitted(m1) - fitted(m2)` ತೆಗೆದು ನೋಡಿ, 10⁻¹³ರ ಆಸುಪಾಸಿನ ಧೂಳಷ್ಟೇ ಕಾಣಬೇಕು. ಆದರೆ 2031ಕ್ಕೆ ಎರಡನೇ ಘಾತ 166 ಕೋಟಿ ಎನ್ನುತ್ತದೆ, ಮೂರನೆಯದು 174, ನಾಲ್ಕನೆಯದು 159. ಈ ವ್ಯತ್ಯಾಸ ಲೆಕ್ಕದ ನಿಖರತೆಯಿಂದ ಬಂದದ್ದಲ್ಲ, ಮಧ್ಯಬಿಂದುವನ್ನು ಎಲ್ಲಿಟ್ಟರೂ ಹೋಗುವುದಿಲ್ಲ. ಅಂಕಿಗಳು 2011ಕ್ಕೇ ನಿಂತಿರುವಾಗ ಅದರಾಚೆಗೆ ಈ ಮೂರರಲ್ಲಿ ಯಾವುದನ್ನೂ ನಾನು ಬಳಸುವುದಿಲ್ಲ.