ನಾಲ್ಕು ಗಂಟೆ ಬಿಟ್ಟು ತಗೊಂಡ್ರೆ ಸಾಕಾ? ಥೈರಾಯ್ಡ್ ಮಾತ್ರೆ, ಅಶ್ವಗಂಧ ಮತ್ತು ಕಡಲಪಾಚಿ

ಈ ಪ್ರಕರಣದಲ್ಲಿ ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಸರಸಕ್ಕ ಅಂತ ಕರೆಯೋಣ. ವಯಸ್ಸು 47, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಾರ್ಚ್‌ನಲ್ಲಿ ಶಿವಮೊಗ್ಗಕ್ಕೆ ಬಂದವರು, ಔಷಧಿಗಳ ಬಗ್ಗೆ ಸಲಹೆ ಕೊಡುವ ನನ್ನ ಹತ್ತಿರ ಕೂತರು. "ಎದೆ ಡವಡವ ಅಂತಿದೆ ಮೇಡಂ, ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ, ಅಡಿಕೆ ಸುಲಿಯೋಕೆ ಕೂತರೆ ಕೈ ನಡುಗುತ್ತೆ" ಎಂದರು. ಎರಡು ತಿಂಗಳಲ್ಲಿ ಮೂರು ಕೆಜಿ ಇಳಿದಿದ್ದರು. ಊರಲ್ಲಿ ಎಲ್ಲರೂ ಸಣ್ಣ ಆಗಿದ್ದೀರಿ, ಚೆನ್ನಾಗಿದೆ ಅಂದಿದ್ದರಂತೆ.

ಕೈಯಲ್ಲಿದ್ದ ರಿಪೋರ್ಟಿನಲ್ಲಿ ಟಿಎಸ್‌ಎಚ್ 0.06 ಇತ್ತು. ಹಾರ್ಮೋನ್ ತಯಾರಿಸು ಅಂತ ಥೈರಾಯ್ಡ್ ಗ್ರಂಥಿಗೆ ಮೆದುಳಿನ ಕಡೆಯಿಂದ ಬರುವ ಸಂಕೇತ ಇದು, ಹಾರ್ಮೋನ್ ಜಾಸ್ತಿಯಾದರೆ ಇಳಿಯುತ್ತದೆ. ಹೆಚ್ಚಿನ ಲ್ಯಾಬುಗಳಲ್ಲಿ ಸುಮಾರು 0.4ರಿಂದ 4ರವರೆಗೆ ಸರಿ ಅಂತ ಲೆಕ್ಕ. ಟಿಎಸ್‌ಎಚ್ ಇಷ್ಟು ಕೆಳಗಿದೆ ಅಂದರೆ ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿದೆ ಅಂತ ಅರ್ಥ. ಆದರೆ ಡಿಸೆಂಬರ್ ರಿಪೋರ್ಟಿನಲ್ಲಿ ಅದೇ ಟಿಎಸ್‌ಎಚ್ 9.4 ಇತ್ತು, ಅಂದರೆ ಹಾರ್ಮೋನ್ ಸಾಲದು ಅಂತ. ಅದಕ್ಕೂ ಹಿಂದೆ ನಾಲ್ಕು ವರ್ಷ, ಸಾಲದ ಹಾರ್ಮೋನನ್ನು ತುಂಬಿಕೊಡುವ 75 ಮೈಕ್ರೋಗ್ರಾಂ ಲೆವೋಥೈರಾಕ್ಸಿನ್ ಮಾತ್ರೆಯಲ್ಲಿ 2ರಿಂದ 3ರ ನಡುವೆ ಅಲುಗಾಡದೆ ನಿಂತಿತ್ತು. ನಾಲ್ಕು ವರ್ಷ ನೆಟ್ಟಗಿದ್ದದ್ದು ಆರು ತಿಂಗಳಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಿದೆ ಅಂದರೆ ನಡುವೆ ಏನೋ ಹೊಸದು ಬಂದಿದೆ.

"ಬೇರೆ ಯಾವ ಔಷಧಿ ತಗೊಳ್ತೀರಿ?" ಎಂದು ಕೇಳಿದೆ. "ಏನೂ ಇಲ್ಲ" ಎಂದರು. ಇದು ಸುಳ್ಳಲ್ಲ. ಪುಡಿ, ಲೇಹ್ಯ, ಕಷಾಯ ಇವನ್ನೆಲ್ಲ ನಮ್ಮ ಕಡೆ ಯಾರೂ ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ನಾನು ಯಾವಾಗಲೂ ಎರಡನೇ ಪ್ರಶ್ನೆಯನ್ನು ಬೇರೆ ಥರ ಕೇಳುತ್ತೇನೆ: ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಏನೇನು ಹೋಗುತ್ತೆ, ಗಂಟೆ ಸಮೇತ ಹೇಳಿ.

ಆಗ ಬಂತು ನೋಡಿ. ಗಣೇಶನ ಹಬ್ಬಕ್ಕೆ ಬಂದ ಮಗ ಬೆಂಗಳೂರಿನಿಂದ ಎರಡು ಡಬ್ಬಿ ತಂದುಕೊಟ್ಟಿದ್ದ. ಒಂದು ಅಶ್ವಗಂಧದ ಪುಡಿ, ರಾತ್ರಿ ಹಾಲಿಗೆ ಒಂದು ಚಮಚ. ಇನ್ನೊಂದು "ಕಡಲಪಾಚಿಯ ಕ್ಯಾಲ್ಸಿಯಂ", ಮಂಡಿನೋವಿಗೆ. ಬೆಳಿಗ್ಗೆ ಐದೂವರೆಗೆ ಥೈರಾಯ್ಡ್ ಮಾತ್ರೆ ನುಂಗುವಾಗ ಮರೆಯಬಾರದು ಅಂತ ಇದನ್ನೂ ಜೊತೆಗೇ ನುಂಗುತ್ತಿದ್ದರು. ಹತ್ತು ನಿಮಿಷಕ್ಕೆ ಹಾಲು ಹಾಕಿದ ಕಷಾಯ.

ಕಡಲಪಾಚಿ ಅಂದ ಕೂಡಲೇ ಎಲ್ಲರೂ ಅಯೋಡಿನ್ ಬಗ್ಗೆ ಯೋಚಿಸುತ್ತಾರೆ. ಆದರೆ ಈ ಡಬ್ಬಿಯ ಹಿಂದೆ ಲಿಥೋಥ್ಯಾಮ್ನಿಯಾನ್ ಅಂತ ಬರೆದಿತ್ತು. ಅದು ಸುಣ್ಣ ಕಟ್ಟಿದ ಕೆಂಪು ಪಾಚಿ, ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಗಿಡದಿಂದ ಬಂದದ್ದು ಅಂತ ಬರೆದಿದ್ದರೂ ಹೊಟ್ಟೆಯೊಳಗೆ ಅದರ ಕೆಲಸ ಮಾಮೂಲಿ ಕ್ಯಾಲ್ಸಿಯಂ ಮಾತ್ರೆಯದ್ದೇ. ಲೆವೋಥೈರಾಕ್ಸಿನ್ ಅದಕ್ಕೆ ಅಂಟಿಕೊಂಡು ಕರುಳಿನಿಂದ ರಕ್ತಕ್ಕೆ ಹೋಗದೆ ಹಾಗೇ ಹೊರಗೆ ಹೋಗುತ್ತದೆ. ಸರಸಕ್ಕ 75ರ ಮಾತ್ರೆ ನುಂಗಿದರೂ ಮೈಗೆ ಸೇರುತ್ತಿದ್ದದ್ದು ಅದಕ್ಕಿಂತ ಕಡಿಮೆ. ಡಿಸೆಂಬರ್‌ನಲ್ಲಿ ಟಿಎಸ್‌ಎಚ್ ಏರಿದ್ದು ಹೀಗೆ. ಡಬ್ಬಿಯ ವಿಷಯ ಡಾಕ್ಟರಿಗೆ ಗೊತ್ತಿರಲಿಲ್ಲ, ಇವರು ಹೇಳಿರಲಿಲ್ಲ. ಡೋಸ್ 100ಕ್ಕೆ ಏರಿತು.

ಜನವರಿಯಲ್ಲಿ ಮಲಬದ್ಧತೆ ಶುರುವಾಗಿ ಸರಸಕ್ಕ ಕ್ಯಾಲ್ಸಿಯಂ ಬಿಟ್ಟರು. ತಡೆ ಹೋಯಿತು, 100 ಪೂರ್ತಿ ಒಳಗೆ ಹೋಗತೊಡಗಿತು. ಇವರಿಗೆ 75 ಸಾಕಿತ್ತು, ಅಲ್ವಾ? ಅದರ ಮೇಲೆ ಅಶ್ವಗಂಧ ನಡೆದೇ ಇತ್ತು.

ಇದನ್ನೆಲ್ಲ ಕಾಗದದ ಮೇಲೆ ತಿಂಗಳ ಪ್ರಕಾರ ಬರೆದು ತೋರಿಸಿದಾಗ ಅವರು ಕೇಳಿದ ಪ್ರಶ್ನೆ ನನ್ನ ಹತ್ತಿರ ಬರುವ ಹೆಚ್ಚಿನವರದ್ದೂ ಹೌದು: "ಅಶ್ವಗಂಧ ರಾತ್ರಿ ತಗೊಳ್ತೀನಲ್ಲ, ಮಾತ್ರೆ ಬೆಳಿಗ್ಗೆ. ಎಂಟು ಗಂಟೆ ಅಂತರ ಇದೆ. ಮತ್ತೇನು ತೊಂದರೆ?"

ಅಂತರದ ಲೆಕ್ಕ ಹೊಟ್ಟೆಯೊಳಗಿನ ಜಗಳಕ್ಕೆ ಮಾತ್ರ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇಂಥವಕ್ಕೆ ನಾಲ್ಕು ಗಂಟೆ ಬಿಟ್ಟರೆ ಸಾಕು, ಅಷ್ಟರಲ್ಲಿ ಥೈರಾಯ್ಡ್ ಮಾತ್ರೆ ದಾಟಿ ಹೋಗಿರುತ್ತದೆ. ಅಶ್ವಗಂಧದ ಗುಮಾನಿ ಬೇರೆ ಥರದ್ದು. ಅದು ಹಾರ್ಮೋನಿನ ಮಟ್ಟವನ್ನೇ ಏರಿಸಬಹುದು. ಥೈರಾಯ್ಡ್ ಸ್ವಲ್ಪವೇ ಕಡಿಮೆ ಇದ್ದ 50 ಜನರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ದಿನಕ್ಕೆ 600 ಮಿಲಿಗ್ರಾಂ ಬೇರಿನ ಸಾರ 8 ವಾರ ಕೊಟ್ಟಾಗ ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಏರಿ ಟಿಎಸ್‌ಎಚ್ ಇಳಿದಿತ್ತು. ಅಶ್ವಗಂಧ ತೆಗೆದುಕೊಂಡವರಿಗೆ ಥೈರಾಯ್ಡ್ ಅತಿಯಾಗಿ, ಬಿಟ್ಟ ಮೇಲೆ ಇಳಿದ ಬಿಡಿ ಪ್ರಕರಣಗಳೂ ವರದಿಯಾಗಿವೆ. ಬೆಳಿಗ್ಗೆ ತಗೊಂಡರೂ ರಾತ್ರಿ ತಗೊಂಡರೂ ಈ ಪರಿಣಾಮ ಹೋಗುವುದಿಲ್ಲ, ಏಕೆಂದರೆ ಅದು ರಕ್ತಕ್ಕೆ ಸೇರಿದ ಮೇಲಿನ ಮಾತು. ಲೆವೋಥೈರಾಕ್ಸಿನ್ ಕೂಡ ಅಷ್ಟೇ, ರಕ್ತಕ್ಕೆ ಸೇರಿದ್ದರಲ್ಲಿ ಅರ್ಧ ಖಾಲಿಯಾಗಲು ಸುಮಾರು ಒಂದು ವಾರ ಬೇಕು. ಮಾತ್ರೆ ದಿನವಿಡೀ ರಕ್ತದಲ್ಲೇ ಇರುವಾಗ ಗಡಿಯಾರ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ಸರಸಕ್ಕನ ಡವಡವದಲ್ಲಿ ಹೆಚ್ಚಿದ ಡೋಸಿನ ಪಾಲೆಷ್ಟು, ಅಶ್ವಗಂಧದ ಪಾಲೆಷ್ಟು ಅಂತ ಬೇರ್ಪಡಿಸಿ ಹೇಳಲು ಆಗುವುದಿಲ್ಲ. ದೊಡ್ಡ ಪಾಲು ಡೋಸಿನದ್ದೇ ಎಂಬುದು ನನ್ನ ಅಂದಾಜು.

ನಾನು ಹೇಳಿದ್ದು ಇಷ್ಟು. ಅಶ್ವಗಂಧ ಇವತ್ತಿನಿಂದಲೇ ನಿಲ್ಲಿಸಿ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ, ಅರ್ಧ ಮಾಡಬೇಡಿ. ಡಬ್ಬಿಗಳು, ಮೂರೂ ರಿಪೋರ್ಟು, ನಾನು ಬರೆದ ತಿಂಗಳ ಪಟ್ಟಿ ಹಿಡಿದು ಇವತ್ತೇ ಡಾಕ್ಟರ ಹತ್ತಿರ ಹೋಗಿ, ಎದೆ ಡವಡವ ಇರುವಾಗ ನಾಳೆ ಅನ್ನುವುದು ಬೇಡ. ಹೋದರು. ಇಸಿಜಿ ಸರಿ ಇತ್ತು. ಡೋಸ್ ಮತ್ತೆ 75ಕ್ಕೆ ಇಳಿಯಿತು.

ಬೆಳಗಿನ ಕ್ರಮ ಬದಲಿಸಿದ್ದು ಅವರಿಗೆ ಸ್ವಲ್ಪ ಕಷ್ಟವಾಯಿತು. ಐದೂವರೆಗೆ ಮಾತ್ರೆ, ಬರೀ ನೀರಿನಲ್ಲಿ. ಕಷಾಯ, ಕಾಫಿ ಆರೂವರೆಗೆ. ಮಳೆಗಾಲದ ಚಳಿಯಲ್ಲಿ ಒಂದು ಗಂಟೆ ಬಿಸಿ ಏನೂ ಇಲ್ಲದೆ ಹೇಗೆ ಮೇಡಂ ಅಂದರು. ಬಿಸಿನೀರು ಕುಡಿಯಿರಿ, ಅದಕ್ಕೆ ಅಡ್ಡಿ ಇಲ್ಲ ಅಂದೆ. ಮಲಗುವಾಗ ತೆಗೆದುಕೊಳ್ಳುವ ದಾರಿಯೂ ಇದೆ, ಆದರೆ ಊಟವಾಗಿ ಮೂರು ಗಂಟೆ ಆಗಿರಬೇಕು. ಇವರ ಮನೆಯಲ್ಲಿ ಊಟ ಮುಗಿಯುವುದೇ ಒಂಬತ್ತೂವರೆಗೆ, ಹಾಗಾಗಿ ಅದು ಆಗಲಿಲ್ಲ. ಕ್ಯಾಲ್ಸಿಯಂ ಬೇಕೇ ಬೇಕು ಅಂತ ಡಾಕ್ಟರು ಹೇಳಿದರೆ ಮಧ್ಯಾಹ್ನದ ಊಟದ ಜೊತೆ, ಅದು ಆಹಾರದ ಜೊತೆಗೇ ಚೆನ್ನಾಗಿ ಹೀರುವುದು ಕೂಡ.

ಎಂಟು ವಾರ ಕಳೆದು ಟಿಎಸ್‌ಎಚ್ 0.9. ನಿದ್ದೆ ಮೂರನೇ ವಾರಕ್ಕೇ ಸರಿಯಾಗಿತ್ತು. ಲಕ್ಷಣ ಮೊದಲು ಹೋಗುತ್ತದೆ, ಟಿಎಸ್‌ಎಚ್ ನಿಧಾನಕ್ಕೆ ಹಿಂದೆ ಬರುತ್ತದೆ. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿ ಗಾಬರಿಯಾಗಬೇಡಿ ಅಂತ ಮೊದಲೇ ಹೇಳಿದ್ದೆ.

ಆ ದಿನ ಹೊರಡುವಾಗ ಫೋನ್ ತೆಗೆದು ಇನ್ನೊಂದು ತೋರಿಸಿದರು: ಥೈರಾಯ್ಡಿಗೆ ಒಳ್ಳೆಯದು ಅಂತ ಮಾರುವ, ಕೆಲ್ಪ್ ಎಂಬ ಇನ್ನೊಂದು ಕಡಲಪಾಚಿಯ ಕ್ಯಾಪ್ಸೂಲ್. "ಅಯೋಡಿನ್ ಕಡಿಮೆಯಾದ್ರೇ ಥೈರಾಯ್ಡ್ ಬರೋದು ಅಲ್ವಾ, ನಮ್ಮಜ್ಜಿಗೆ ಗಳಗಂಡ ಇತ್ತು." ಅಜ್ಜಿಯ ಕಾಲದ್ದು ಬೇರೆ. ಸರಸಕ್ಕನ ರಕ್ತದಲ್ಲಿ ಆಂಟಿ-ಟಿಪಿಒ ಪಾಸಿಟಿವ್ ಇದೆ, ಅಂದರೆ ಮೈಯೇ ತನ್ನ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುತ್ತಿದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಅದು ಸಾಮಾನ್ಯವಾಗಿ ಸಿಗುತ್ತದೆ. ಕೆಲ್ಪ್‌ನಲ್ಲಿ ಒಂದು ಗ್ರಾಮಿಗೆ ಹತ್ತಿಪ್ಪತ್ತು ಮೈಕ್ರೋಗ್ರಾಂನಿಂದ ಹಿಡಿದು ಸಾವಿರಾರು ಇರಬಹುದು. ಇಂಥ ಗ್ರಂಥಿಗೆ ಅಯೋಡಿನ್ ಅತಿಯಾದರೆ ಉಳಿದ ಕೆಲಸವನ್ನೂ ನಿಲ್ಲಿಸಿಬಿಡಬಹುದು. ಇಲ್ಲೂ ನಾಲ್ಕು ಗಂಟೆಯ ಅಂತರ ಏನೂ ಮಾಡುವುದಿಲ್ಲ.

ಆರ್ಡರ್ ಹಾಕಲಿಲ್ಲ. ಮುಂದಿನ ಟಿಎಸ್‌ಎಚ್ ಆರು ತಿಂಗಳಿಗೆ, ಮಗನಿಗೂ ಫೋನ್ ಮಾಡಿ ಡಬ್ಬಿ ತರುವ ಮೊದಲು ಹಿಂದಿನ ಚೀಟಿಯ ಫೋಟೋ ನನಗೆ ಕಳಿಸು ಅಂತ ಹೇಳಿದ್ದೇನೆ.