ವೈದ್ಯಕೀಯ ಟಿಪ್ಪಣಿಯಿಂದ ಕೋಡಿಂಗ್ ಸಿಬ್ಬಂದಿಗೆ: ಹೆಸರು, ಸ್ಥಿತಿ, ಸಾಕ್ಷಿ

ಪ್ರಶ್ನೆ: ವೈದ್ಯರ ಟಿಪ್ಪಣಿಗಳಿಂದ ರೋಗನಿರ್ಣಯ ಮತ್ತು ಪ್ರೊಸೀಜರ್‌ಗಳನ್ನು ಹೆಕ್ಕಿ, ಅವುಗಳಿಗೆ ಕೋಡ್ ಸಂಖ್ಯೆ ಹಾಕುವ ಕೋಡಿಂಗ್ ತಂಡಕ್ಕೆ ಪಟ್ಟಿ ಕೊಡುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕಾಯಿಲೆಗಳ ಹೆಸರು ಸರಿಯಾಗಿಯೇ ಸಿಗುತ್ತಿವೆ. ಆದರೂ ಕೋಡರ್‌ಗಳು ಪಟ್ಟಿಯನ್ನು ಬದಿಗಿಟ್ಟು ಇಡೀ ಕಡತವನ್ನೇ ಮತ್ತೆ ಓದುತ್ತಾರೆ. ಪಟ್ಟಿಯಲ್ಲಿ ಏನಿರಬೇಕು?

ನಾನು ಕೆಲವು ವರ್ಷ ಒಳರೋಗಿಗಳ ಕಡತಗಳಿಗೆ ಕೋಡ್ ಹಾಕುವ ಕೆಲಸ ಮಾಡಿ, ಆಮೇಲೆ ನಿಮ್ಮಂತೆಯೇ ಹೆಕ್ಕುವ ಪ್ರೋಗ್ರಾಂ ಬರೆಯುವ ತಂಡವನ್ನು ಸೇರಿದವನು. ವೈದ್ಯರು ಮೊದಲ ದಿನ ಶಂಕಿಸಿ ಎರಡನೆಯ ದಿನ ಕೈಬಿಟ್ಟ ಕಾಯಿಲೆಯೊಂದು ಪಟ್ಟಿಯಲ್ಲಿ ಇರುವ ಕಾಯಿಲೆಯಂತೆ ಒಮ್ಮೆ ಕಾಣಿಸಿಕೊಂಡರೆ ಸಾಕು, ಅಂದಿನಿಂದ ಕೋಡರ್ ಪ್ರತಿ ಸಾಲನ್ನೂ ಕಡತದೊಂದಿಗೆ ತಾಳೆ ನೋಡತೊಡಗುತ್ತಾರೆ, ಮತ್ತು ಹಾಗೆ ನೋಡುವುದೇ ಅವರ ಹೊಣೆ. ಆದ್ದರಿಂದ ಪ್ರತಿ ಸಾಲಿನಲ್ಲಿ ಕಾಯಿಲೆಯ ಹೆಸರಿನ ಜೊತೆಗೆ ಅದರ ಸ್ಥಿತಿ, ಅಂದರೆ ಖಚಿತವೋ ಶಂಕಿತವೋ ತಳ್ಳಿಹಾಕಿದ್ದೋ ಹಳೆಯದೋ ಎಂಬುದು, ಮತ್ತು ಟಿಪ್ಪಣಿಯ ಮೂಲ ವಾಕ್ಯವು ಒಂದಕ್ಷರವೂ ಬದಲಾಗದೆ ತನ್ನ ದಿನಾಂಕದೊಂದಿಗೆ ಇರಬೇಕು. ಕೋಡ್ ಸಂಖ್ಯೆಯನ್ನು ಸಲಹೆಯಾಗಿ ಕೊನೆಯಲ್ಲಿಟ್ಟರೆ ಸಾಕು, ಏಕೆಂದರೆ ಸ್ಥಿತಿ ಮತ್ತು ಸಾಕ್ಷಿ ಸರಿಯಿದ್ದರೆ ಸಂಖ್ಯೆಯನ್ನು ಹುಡುಕುವುದು ಅನುಭವಿ ಕೋಡರ್‌ಗೆ ಕಷ್ಟವಲ್ಲ.

ಒಂದು ಕಡತವನ್ನು ಉದಾಹರಣೆಯಾಗಿ ಕಲ್ಪಿಸಿಕೊಂಡು ನೋಡೋಣ. ಅಮೆರಿಕದಲ್ಲಿ ರೋಗಗಳಿಗೆ ಕೋಡ್ ಕೊಡಲು ಬಳಸುವ ಐಸಿಡಿ-10-ಸಿಎಂ ಮತ್ತು ಒಳರೋಗಿಗಳ ಪ್ರೊಸೀಜರ್‌ಗಳಿಗೆ ಕೋಡ್ ಕೊಡಲು ಬಳಸುವ ಐಸಿಡಿ-10-ಪಿಸಿಎಸ್ ನಿಯಮಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇನೆ. ಬೇರೆ ಪದ್ಧತಿಯಲ್ಲಿ ನಿಯಮಗಳು ಬದಲಾಗುತ್ತವೆ, ಆದರೆ ಹೆಕ್ಕುವ ಕೆಲಸ ಬದಲಾಗುವುದಿಲ್ಲ. ಅರವತ್ತೆರಡು ವರ್ಷದ ಮಹಿಳೆಯೊಬ್ಬರು ಹೊಟ್ಟೆಯ ಬಲ ಮೇಲ್ಭಾಗದ ನೋವಿನಿಂದ ದಾಖಲಾಗುತ್ತಾರೆ. ಮೊದಲ ದಿನದ ಟಿಪ್ಪಣಿಯಲ್ಲಿ ಪಿತ್ತಕೋಶದ ತೀವ್ರ ಉರಿಯೂತದ ಶಂಕೆ ಇದೆ, `r/o pancreatitis` ಎಂಬ ಸಾಲಿದೆ, ಹಿಂದಿನ ಕಾಯಿಲೆಗಳಲ್ಲಿ `CVA 2018, no deficits`, ಅಂದರೆ 2018ರಲ್ಲಿ ಪಾರ್ಶ್ವವಾಯು ಆಗಿತ್ತು, ನ್ಯೂನತೆ ಉಳಿದಿಲ್ಲ ಎಂದಿದೆ, ತಾಯಿಗೆ ಸ್ತನ ಕ್ಯಾನ್ಸರ್ ಇತ್ತೆಂದೂ ಬರೆದಿದೆ. ಎರಡನೆಯ ದಿನ ಲೈಪೇಸ್ ಸಹಜವಾಗಿ ಬಂದು ಮೇದೋಜ್ಜೀರಕ ಗ್ರಂಥಿಯ ಉರಿಯೂತವನ್ನು ತಳ್ಳಿಹಾಕಲಾಗುತ್ತದೆ. ಅದೇ ದಿನ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಮೂರನೆಯ ದಿನ ಜ್ವರ ಬಂದು ನ್ಯುಮೋನಿಯಾ ಇರಬಹುದು ಎಂದು ವೈದ್ಯರು ಬರೆಯುತ್ತಾರೆ. ನಾಲ್ಕನೆಯ ದಿನ ಕ್ರಿಯಾಟಿನಿನ್ ಡೆಸಿಲೀಟರ್‌ಗೆ 0.9ರಿಂದ 1.9 ಮಿಲಿಗ್ರಾಂಗೆ ಏರಿ, ದ್ರವವನ್ನು ಹೆಚ್ಚಿಸಲಾಗುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಲ್ಲಿನೊಂದಿಗೆ ಪಿತ್ತಕೋಶದ ತೀವ್ರ ಉರಿಯೂತ ಮತ್ತು ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದ ವಿಷಯ, ಇವೆರಡೇ ಇವೆ.

ಹೆಸರನ್ನಷ್ಟೇ ಹೆಕ್ಕುವ ಪ್ರೋಗ್ರಾಂ ಇಲ್ಲಿಂದ ಪಿತ್ತಕೋಶದ ಉರಿಯೂತ, ಮೇದೋಜ್ಜೀರಕ ಗ್ರಂಥಿಯ ಉರಿಯೂತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್, ನ್ಯುಮೋನಿಯಾ ಎಂಬ ಐದು ರೋಗಗಳನ್ನು ಕೊಡುತ್ತದೆ. ಐದೂ ಹೆಸರುಗಳು ಟಿಪ್ಪಣಿಯಲ್ಲಿ ಇರುವುದು ನಿಜವೇ, ಆದರೆ ಈ ದಾಖಲಾತಿಯ ರೋಗವೆಂದು ಯಾವ ತಕರಾರೂ ಇಲ್ಲದೆ ಕೋಡ್ ಹಾಕಬಹುದಾದದ್ದು ಮೊದಲನೆಯದು ಮಾತ್ರ. ನಾಳದಲ್ಲಿ ಅಡಚಣೆಯಿಲ್ಲದಿದ್ದರೆ ಅದು `K80.00`. ಪಾರ್ಶ್ವವಾಯು ಹಿಂದೆಂದೋ ಆಗಿ ಯಾವ ನ್ಯೂನತೆಯನ್ನೂ ಉಳಿಸದೆ ಹೋಗಿರುವುದರಿಂದ ಅದು `Z86.73` ಆಗಬೇಕು. ನಾನು ಕಂಡ ತಪ್ಪುಗಳಲ್ಲಿ ಅತಿ ಹೆಚ್ಚು ಬಾರಿ ಮರುಕಳಿಸಿದ್ದು ಇದೇ: ಹಳೆಯ ಪಾರ್ಶ್ವವಾಯು `I63.9` ಆಗಿ, ಅಂದರೆ ಈಗ ತಾನೇ ಆದ ಮಿದುಳಿನ ಆಘಾತವಾಗಿ ಪಟ್ಟಿಗೆ ಬರುತ್ತಿತ್ತು. ಇದನ್ನು ತಡೆಯಲು ದೊಡ್ಡ ಜಾಣ್ಮೆ ಬೇಕಿಲ್ಲ. ಟಿಪ್ಪಣಿಯನ್ನು ಮೊದಲು ಶೀರ್ಷಿಕೆಗಳ ಪ್ರಕಾರ ಭಾಗಗಳಾಗಿ ಒಡೆದು, ಹಿಂದಿನ ಕಾಯಿಲೆಗಳ ಭಾಗ, ಕುಟುಂಬದ ಭಾಗ, ಮುಂದಿನ ಯೋಜನೆಯ ಭಾಗ ಎಂಬ ಗುರುತನ್ನು ಪ್ರತಿ ವಾಕ್ಯಕ್ಕೂ ಅಂಟಿಸಿಕೊಂಡರೆ ಇಂಥ ತಪ್ಪುಗಳಲ್ಲಿ ಬಹುಪಾಲು ಅಲ್ಲಿಯೇ ನಿಲ್ಲುತ್ತವೆ. ಆದರೆ ಸಕ್ಕರೆ ಕಾಯಿಲೆಯಂಥ ದೀರ್ಘಕಾಲದ ರೋಗಗಳನ್ನೂ ವೈದ್ಯರು ಹಿಂದಿನ ಕಾಯಿಲೆಗಳ ಅಡಿಯಲ್ಲೇ ಬರೆಯುವುದರಿಂದ, ಆ ಭಾಗದಲ್ಲಿದ್ದ ಮಾತ್ರಕ್ಕೆ ಎಲ್ಲವನ್ನೂ ಹಳೆಯದೆಂದು ಮುಚ್ಚಿಬಿಡಬಾರದು. ಈಗ ಅದಕ್ಕೆ ಔಷಧಿ ನಡೆಯುತ್ತಿದೆಯೇ ಎಂಬುದನ್ನು ಜೊತೆಯಲ್ಲಿ ನೋಡಬೇಕು.

`r/o` ಎಂಬ ಎರಡಕ್ಷರದ ವಿಷಯದಲ್ಲಿ ನೀವು ವಿಶೇಷ ಎಚ್ಚರ ವಹಿಸಬೇಕು. `rule out` ಎಂದರೆ ಶಂಕೆ ಇದೆ, ಪರೀಕ್ಷಿಸಿ ನೋಡಬೇಕು ಎಂದರ್ಥ. `ruled out` ಎಂದರೆ ಪರೀಕ್ಷೆ ಮುಗಿದಿದೆ, ಕಾಯಿಲೆ ಇಲ್ಲ ಎಂದರ್ಥ. ಎರಡನ್ನೂ ನಿಷೇಧ, ಅಂದರೆ ಇಲ್ಲ ಎನ್ನುವ ಮಾತು, ಎಂದು ಒಂದೇ ಗುಂಪಿಗೆ ಹಾಕಿದರೆ ಶಂಕಿತ ರೋಗಗಳು ಕಣ್ಮರೆಯಾಗುತ್ತವೆ, ಎರಡನ್ನೂ ಶಂಕೆ ಎಂದುಕೊಂಡರೆ ಇಲ್ಲದ ರೋಗ ಉಳಿದುಕೊಳ್ಳುತ್ತದೆ. ನಿಷೇಧವನ್ನು ಗುರುತಿಸಲು 2001ರಲ್ಲಿ ಪ್ರಕಟವಾದ ನೆಗೆಕ್ಸ್ ಎಂಬ ಸರಳ ವಿಧಾನ ಈಗಲೂ ಒಳ್ಳೆಯ ಆರಂಭವೇ. ಆದರೆ ಅದು ನಿಷೇಧ ಸೂಚಿಸುವ ಪದದಿಂದ ಕೆಲವೇ ಪದಗಳ ದೂರದವರೆಗೆ ನೋಡುತ್ತದೆ. ಜ್ವರ, ಚಳಿ, ವಾಕರಿಕೆ, ವಾಂತಿ, ಭೇದಿ, ಕಾಮಾಲೆ ಯಾವುದೂ ಇಲ್ಲ ಎಂಬುದನ್ನು ಇಂಗ್ಲಿಷ್ ಟಿಪ್ಪಣಿಯಲ್ಲಿ ಆರಂಭದ ಒಂದೇ ಒಂದು `no` ಹೇಳುತ್ತದೆ. ಸಾಲಿನ ತುದಿಯಲ್ಲಿರುವ ಕಾಮಾಲೆ ಆ ಮಿತಿಯ ಹೊರಗುಳಿದು, ರೋಗಿಗೆ ಕಾಮಾಲೆ ಇದೆ ಎಂದಾಗಿಬಿಡಬಹುದು. 2009ರ ಕಾನ್‌ಟೆಕ್ಸ್ಟ್ ವಿಧಾನ ಇದನ್ನು ವಾಕ್ಯದ ಕೊನೆಯವರೆಗೆ ಹಿಗ್ಗಿಸಿ, ಹಳೆಯದೇ, ರೋಗಿಯದೇ ಅಥವಾ ಬೇರೆಯವರದೇ ಎಂಬ ಪ್ರಶ್ನೆಗಳನ್ನೂ ಸೇರಿಸಿಕೊಂಡಿತು.

ಇನ್ನು ಶಂಕಿತ ರೋಗದ ವಿಷಯ. ಒಳರೋಗಿಯ ಕಡತದಲ್ಲಿ ಡಿಸ್ಚಾರ್ಜ್ ಸಮಯದ ಬರಹವೂ ಇರಬಹುದು, ಸಂಭವವಿದೆ, ಇನ್ನೂ ತಳ್ಳಿಹಾಕಬೇಕಿದೆ ಎಂದೇ ಹೇಳುತ್ತಿದ್ದರೆ, ಆ ರೋಗ ಇದ್ದಂತೆಯೇ ಭಾವಿಸಿ ಕೋಡ್ ಹಾಕಬೇಕೆಂದು ಐಸಿಡಿ-10-ಸಿಎಂ ಮಾರ್ಗಸೂಚಿ ಹೇಳುತ್ತದೆ. ಎಚ್‌ಐವಿ, ಕೋವಿಡ್‌ನಂಥ ಕೆಲವಕ್ಕೆ ಮಾತ್ರ ಖಚಿತತೆ ಬೇಕು. ಹೊರರೋಗಿಯ ಭೇಟಿಯಲ್ಲಿ ಅದೇ ಮಾತಿಗೆ ಕೋಡ್ ಇಲ್ಲ. ಅಲ್ಲಿ ಜ್ವರ, ಕೆಮ್ಮು ಮುಂತಾದ ಲಕ್ಷಣಕ್ಕಷ್ಟೇ ಕೋಡ್. ಹೀಗಿರುವಾಗ ಶಂಕೆಯನ್ನು ಇದೆ ಅಥವಾ ಇಲ್ಲ ಎಂದು ನಿಮ್ಮ ಪ್ರೋಗ್ರಾಂ ತಾನೇ ತೀರ್ಮಾನಿಸಿದರೆ, ಎರಡು ಬಗೆಯ ಕಡತಗಳಲ್ಲಿ ಒಂದರಲ್ಲಿ ಅದು ತಪ್ಪಾಗಿಯೇ ತೀರುತ್ತದೆ. ನಮ್ಮ ಉದಾಹರಣೆಯಲ್ಲಿ ನ್ಯುಮೋನಿಯಾದ ಮಾತು ಮೂರನೆಯ ದಿನ ಬಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಲ್ಲವಾಗಿದೆ. ನಿಯಮ ನೋಡುವುದು ಡಿಸ್ಚಾರ್ಜ್ ಸಮಯದ ಮಾತನ್ನು. ಹಾಗಾಗಿ ಆ ಒಂದು ದಿನದ ಶಂಕೆಯ ಮೇಲೆ ಕೋಡ್ ಹಾಕುವಂತಿಲ್ಲ. ಪ್ರತಿ ಉಲ್ಲೇಖಕ್ಕೂ ದಿನ ಇರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಒಂದು ರೋಗಕ್ಕೆ ಒಂದು ಸಾಲು, ಅದರೊಳಗೆ ದಿನದ ಕ್ರಮದಲ್ಲಿ ಉಲ್ಲೇಖಗಳು ಎಂಬ ರೂಪ ನಮಗೆ ಒಗ್ಗಿತು:

```json
{
  "finding": "pancreatitis",
  "final_status": "ruled_out",
  "mentions": [
    {"day": 1, "note": "admission", "status": "suspected",
     "quote": "r/o pancreatitis"},
    {"day": 2, "note": "progress", "status": "ruled_out",
     "quote": "lipase normal, pancreatitis ruled out"}
  ]
}
```

ತಳ್ಳಿಹಾಕಿದ ರೋಗವನ್ನು ಪಟ್ಟಿಯಿಂದ ಅಳಿಸಬೇಡಿ, ಕೆಳಗೆ ಪ್ರತ್ಯೇಕವಾಗಿ ತೋರಿಸಿ. ಮೊದಲ ದಿನದ ಟಿಪ್ಪಣಿಯನ್ನು ಓದಿದ ಕೋಡರ್‌ಗೆ ಇದು ಎಲ್ಲಿ ಹೋಯಿತು ಎಂಬ ಅನುಮಾನ ಬಂದರೆ ಅವರು ಮತ್ತೆ ಕಡತ ತೆರೆಯುತ್ತಾರೆ. ಉತ್ತರ ಪಟ್ಟಿಯಲ್ಲೇ ಇದ್ದರೆ ತೆರೆಯುವುದಿಲ್ಲ. `quote` ಒಳಗಿನ ಸಾಲು ಮೂಲ ಟಿಪ್ಪಣಿಯಲ್ಲಿ ಅಕ್ಷರಶಃ ಇದೆಯೇ ಎಂಬುದನ್ನು ಪ್ರೋಗ್ರಾಂನ ಬೇರೊಂದು ಹಂತ ಹುಡುಕಿ ನೋಡಬೇಕು, ಸಿಗದ ಸಾಲನ್ನು ಹೊರಗಿಡಬೇಕು. ಹೆಕ್ಕಲು ಭಾಷಾ ಮಾದರಿಯನ್ನು ಬಳಸುತ್ತಿದ್ದರೆ ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ, ಏಕೆಂದರೆ ಅದು ವಾಕ್ಯವನ್ನು ಅಂದಗೊಳಿಸಿ ಬರೆದುಬಿಡುತ್ತದೆ, ಮತ್ತು ಅಂದಗೊಳಿಸಿದ ವಾಕ್ಯ ಸಾಕ್ಷಿಯಾಗುವುದಿಲ್ಲ.

ಪ್ರೊಸೀಜರ್‌ಗಳಲ್ಲಿ ಯೋಜಿಸಿದ್ದು ಮತ್ತು ನಡೆದದ್ದು ಎಂಬ ಭೇದವೇ ಮುಖ್ಯ. ನಮ್ಮ ಕಡತದ ಆಪರೇಷನ್ ಟಿಪ್ಪಣಿಯ ತಲೆಬರಹದಲ್ಲಿ ಲ್ಯಾಪರೋಸ್ಕೋಪಿ ಎಂದಿದ್ದು, ನಾಲ್ಕು ಪ್ಯಾರಾ ಕೆಳಗೆ, ಅಂಗಾಂಶಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿದ್ದರಿಂದ ಹೊಟ್ಟೆಯನ್ನು ತೆರೆದು ಶಸ್ತ್ರಚಿಕಿತ್ಸೆ ಮುಂದುವರಿಸಲಾಯಿತು ಎಂದಿದೆಯೆಂದುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಬರೆದವರು ತಲೆಬರಹವನ್ನೇ ನಕಲು ಮಾಡಿದ್ದಾರೆ. ತಲೆಬರಹವನ್ನು ನಂಬಿದರೆ ಕೋಡ್ `0FT44ZZ` ಆಗುತ್ತದೆ. ಆದರೆ ಹೀಗೆ ನಡುವೆ ಮಾರ್ಗ ಬದಲಾದಾಗ, ತೆರೆದು ಪಿತ್ತಕೋಶ ತೆಗೆದದ್ದಕ್ಕೆ `0FT40ZZ`, ಮೊದಲು ಲ್ಯಾಪರೋಸ್ಕೋಪಿನಿಂದ ನೋಡಿದ್ದಕ್ಕೆ `0FJ44ZZ` ಎಂದು ಎರಡು ಕೋಡ್ ಹಾಕಬೇಕೆಂಬುದು ಪಿಸಿಎಸ್ ನಿಯಮ. ಆದ್ದರಿಂದ ತಲೆಬರಹದ ಹೆಸರನ್ನು ಯೋಜಿಸಿದ್ದು ಎಂದು ಮಾತ್ರ ತೆಗೆದುಕೊಳ್ಳಿ. ಏನು ನಡೆಯಿತು, ಯಾವ ಮಾರ್ಗದಿಂದ ಎಂಬುದನ್ನು ವಿವರಣೆಯ ಭಾಗದಿಂದ ಪ್ರತ್ಯೇಕವಾಗಿ ಹೆಕ್ಕಿ, ಎರಡೂ ಹೊಂದದಿದ್ದರೆ ಆ ಸಾಲನ್ನು ಕೆಂಪಾಗಿ ತೋರಿಸಿ. ಬಿಲಿರುಬಿನ್ ಏರಿದರೆ ಪಿತ್ತನಾಳವನ್ನು ಎಂಡೋಸ್ಕೋಪ್ ಮೂಲಕ ನೋಡುವ ಇಆರ್‌ಸಿಪಿ ಮಾಡೋಣ ಎಂಬಂಥ ಷರತ್ತಿನ ಮಾತುಗಳು ಯೋಜನೆಯ ಭಾಗದಲ್ಲಿ ತುಂಬಿರುತ್ತವೆ. ಅವು ನಡೆದ ಪ್ರೊಸೀಜರ್‌ಗಳ ಪಟ್ಟಿಗೆ ಬರಲೇಬಾರದು.

ಕೊನೆಗೆ ಕ್ರಿಯಾಟಿನಿನ್. ಏರಿಕೆ ದುಪ್ಪಟ್ಟಿಗಿಂತ ಹೆಚ್ಚಾಗಿದೆ, ಏಳು ದಿನದೊಳಗೆ ಒಂದೂವರೆ ಪಟ್ಟು ಎಂಬ, ಮೂತ್ರಪಿಂಡ ರೋಗಗಳ ಕೆಡಿಗೋ ಮಾರ್ಗಸೂಚಿಯ ಮಾನದಂಡವನ್ನು ದಾಟಿದೆ, ಮೂತ್ರಪಿಂಡದ ತೀವ್ರ ಹಾನಿ ಎನ್ನಲು ವೈದ್ಯನಿಗೆ ಸಾಕಷ್ಟು ಆಧಾರವಿದೆ. ಆದರೆ ವೈದ್ಯರು ಆ ಮಾತನ್ನು ಬರೆದಿಲ್ಲ, ಮತ್ತು ಪ್ರಯೋಗಾಲಯದ ಸಂಖ್ಯೆಯಿಂದ ರೋಗವನ್ನು ಊಹಿಸಿ ಕೋಡ್ ಹಾಕುವ ಅಧಿಕಾರ ಕೋಡರ್‌ಗಿಲ್ಲ, ಪ್ರೋಗ್ರಾಂಗಂತೂ ಇಲ್ಲವೇ ಇಲ್ಲ. ನಮ್ಮ ಮೊದಲ ಆವೃತ್ತಿ ಇಲ್ಲಿ `N17.9` ಎಂದು ಸಲಹೆ ಕೊಡುತ್ತಿತ್ತು; ಅದನ್ನು ನಾನೇ ತೆಗೆಸಿದೆ. ಈಗ ಇಂಥವು ವೈದ್ಯರನ್ನು ಕೇಳಬೇಕಾದವು ಎಂಬ ಬೇರೆ ಪಟ್ಟಿಗೆ ಹೋಗುತ್ತವೆ: ಎರಡು ಮೌಲ್ಯಗಳು, ದಿನಾಂಕ, ಕೊಟ್ಟ ಚಿಕಿತ್ಸೆ, ಅಷ್ಟೇ. ಇವುಗಳ ವೈದ್ಯಕೀಯ ಅರ್ಥವೇನು ಎಂದು ಕೋಡರ್ ಕೇಳುತ್ತಾರೆ. ಆಯ್ಕೆಗಳನ್ನು ಕೊಡುವುದಾದರೆ ಬೇರೆ ಕಾರಣ, ಹೇಳಲಾಗದು ಎಂಬವೂ ಅವುಗಳಲ್ಲಿ ಇರಬೇಕು, ಪ್ರಶ್ನೆಯೇ ಉತ್ತರವನ್ನು ಬಾಯಿಗಿಡಬಾರದು. ಮೂರನೆಯ ದಿನದ ನ್ಯುಮೋನಿಯಾ ಸೇರಬೇಕಾದದ್ದೂ ಈ ಪಟ್ಟಿಗೇ.

ಫಲಿತಾಂಶವನ್ನು ಅಳೆಯುವಾಗ ಹೆಸರುಗಳಲ್ಲಿ ಎಷ್ಟು ಸಿಕ್ಕವು ಎಂಬ ಒಂದೇ ಸಂಖ್ಯೆಯನ್ನು ನೋಡಬೇಡಿ. ಇಬ್ಬರು ಕೋಡರ್‌ಗಳು ಒಬ್ಬರಿಗೊಬ್ಬರು ಕಾಣದಂತೆ ಗುರುತು ಹಾಕಿದ ಕಡತಗಳನ್ನು ಇಟ್ಟುಕೊಂಡು, ಖಚಿತ ಎಂದು ನೀವು ಹೇಳಿದ ಸಾಲುಗಳಲ್ಲಿ ಎಷ್ಟು ನಿಜಕ್ಕೂ ಶಂಕಿತ, ಹಳೆಯ ಅಥವಾ ತಳ್ಳಿಹಾಕಿದ ರೋಗಗಳಾಗಿದ್ದವು ಎಂಬುದನ್ನು ಬೇರೆಯಾಗಿ ಎಣಿಸಿ. ಜೊತೆಗೆ, ಪಟ್ಟಿಯ ಸಾಲಿನಿಂದ ಕೋಡರ್ ಎಷ್ಟು ಬಾರಿ ಮೂಲ ಟಿಪ್ಪಣಿಗೆ ಹೋಗುತ್ತಾರೆ ಎಂಬುದನ್ನು ದಾಖಲಿಸಿಕೊಳ್ಳಿ. ಯಾವ ಬಗೆಯ ಸಾಲುಗಳಿಂದ ಅವರು ಪದೇ ಪದೇ ಕಡತಕ್ಕೆ ಮರಳುತ್ತಾರೋ, ನೀವು ಮೊದಲು ತಿದ್ದಬೇಕಾದ ಸಾಲುಗಳು ಅವೇ.