ಎಕ್ಸೆಲ್ ಪಟ್ಟಿಯಲ್ಲಿ ಏಪ್ರಿಲ್ 3 ಆಗಿಬಿಟ್ಟ ಮಾರ್ಚ್ 4: ದಿನಾಂಕ ಸರಿಪಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಶಾಲೆಯ ಕಟ್ಟಡಕ್ಕೆ ಹಳೆ ವಿದ್ಯಾರ್ಥಿಗಳು ಕೊಟ್ಟ ದೇಣಿಗೆಯ ಪಟ್ಟಿ ಇದೆ. ಊರಲ್ಲಿ ಕೊಟ್ಟವಕ್ಕೆ ರಸೀದಿ ಸಂಖ್ಯೆ ಇದೆ, ಅಮೆರಿಕದಿಂದ ಬಂದವಕ್ಕೆ ಇಲ್ಲ. ನಮ್ಮ ಸಿಎಸ್‌ವಿ ಫೈಲನ್ನು ಅಲ್ಲಿನ ಗೆಳೆಯ ತನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದು, ಅವರ ಸಾಲುಗಳನ್ನೂ ಸೇರಿಸಿ ಎಕ್ಸೆಲ್ ಮಾಡಿ ಕಳಿಸಿದ. ಒಂದೇ ದಿನಾಂಕ ಅವನಿಗೆ 4/3/2023 ಅಂತ, ನನಗೆ 03-04-2023 ಅಂತ ಕಾಣುತ್ತೆ. 13/03/2023 ಥರದವು ಮಾತ್ರ ಸೆಲ್‌ನ ಎಡಕ್ಕೆ ಅಂಟಿಕೊಂಡಿವೆ. ಎಲ್ಲವನ್ನೂ 2023-03-04 ಥರ ಮಾಡಬೇಕು. ಹೇಗೆ?

ಉತ್ತರ:

ಎಡಕ್ಕೆ ಅಂಟಿಕೊಂಡಿರುವ ಆ ಸಾಲುಗಳನ್ನು ದಯವಿಟ್ಟು ಈಗಲೇ ಸರಿಮಾಡಲು ಹೋಗಬೇಡಿ. ನಿಮ್ಮ ಪಟ್ಟಿಯಲ್ಲಿ ಹಾಳಾಗದೆ ಉಳಿದಿರುವುದು ಅವೇ. ನೋಡಲು ಚೆನ್ನಾಗಿರುವ, ಬಲಕ್ಕೆ ನಿಂತಿರುವ ದಿನಾಂಕಗಳಲ್ಲೇ ತೊಂದರೆ ಇದೆ.

ಆಗಿರುವುದು ಇಷ್ಟು. ಸಿಎಸ್‌ವಿ ಫೈಲಿನಲ್ಲಿ ದಿನಾಂಕ ಅನ್ನುವುದು ಬರೀ ಅಕ್ಷರ ಮತ್ತು ಅಂಕಿ. ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ ಆ ಲ್ಯಾಪ್‌ಟಾಪಿನ ಪ್ರದೇಶದ ಸೆಟ್ಟಿಂಗ್ ನೋಡಿ ಓದುತ್ತದೆ. ಅಮೆರಿಕದ ಸೆಟ್ಟಿಂಗ್‌ನಲ್ಲಿ ಮೊದಲ ಅಂಕಿ ತಿಂಗಳು. ಹಾಗಾಗಿ ನೀವು ಮಾರ್ಚ್ 4 ಅಂತ ಬರೆದ 04/03/2023 ಅಲ್ಲಿ ಏಪ್ರಿಲ್ 3 ಆಯಿತು. ಒಳಗೆ ಒಂದು ಸಂಖ್ಯೆಯಾಗಿ ಹಾಗೆಯೇ ಉಳಿಯಿತು. 13/03/2023 ಬಂದಾಗ 13ನೇ ತಿಂಗಳು ಇಲ್ಲವಲ್ಲ, ಎಕ್ಸೆಲ್ ಅದನ್ನು ದಿನಾಂಕ ಅಂತಲೇ ಒಪ್ಪದೆ ಪಠ್ಯವಾಗಿ ಬಿಟ್ಟಿತು. ಪಠ್ಯ ಎಡಕ್ಕೆ ನಿಲ್ಲುತ್ತದೆ, ಸಂಖ್ಯೆ ಬಲಕ್ಕೆ. ಇಷ್ಟೆಲ್ಲ ಆಗುವಾಗ ಎಕ್ಸೆಲ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಆಮೇಲೆ ಫೈಲ್ ನಿಮ್ಮ ಹತ್ತಿರ ಬಂತು. ನಿಮ್ಮ ಲ್ಯಾಪ್‌ಟಾಪ್ ಭಾರತದ ಸೆಟ್ಟಿಂಗ್‌ನಲ್ಲಿದೆ, ಅದಕ್ಕೇ ಏಪ್ರಿಲ್ 3ನ್ನು 03-04-2023 ಅಂತ ತೋರಿಸುತ್ತಿದೆ. ನಮ್ಮ ರೂಢಿಯಂತೆ ದಿನವೇ ಮೊದಲು ಬಂದಿರುವುದರಿಂದ ಎಲ್ಲ ಸರಿಯಾಗಿದೆ ಅನಿಸಿಬಿಡುತ್ತದೆ. ಹಾಗಾಗಿ ಕಣ್ಣಿಗೆ ಕಾಣುವುದನ್ನು ಈಗ ನಂಬಬೇಡಿ. ಮೊದಲ ಕೆಲಸವಾಗಿ ದಿನಾಂಕದ ಕಾಲಂ ಪೂರ್ತಿ ಆಯ್ದುಕೊಂಡು, `Format Cells` ಒಳಗೆ `Custom` ತೆಗೆದು `yyyy-mm-dd` ಅಂತ ಕೊಡಿ. ಇದರಿಂದ ಏನೂ ಬದಲಾಗುವುದಿಲ್ಲ. ಎಕ್ಸೆಲ್ ಒಳಗೆ ನಿಜವಾಗಿ ಏನಿಟ್ಟುಕೊಂಡಿದೆ ಅನ್ನುವುದು ಮಾತ್ರ ಯಾವ ಲ್ಯಾಪ್‌ಟಾಪಿನಲ್ಲೂ ಒಂದೇ ಥರ ಕಾಣುತ್ತದೆ.

ಊರಿನ ರಸೀದಿಗಳು ಆಗ ಹೆಚ್ಚುಕಡಿಮೆ ಹೀಗೆ ಕಾಣುತ್ತವೆ. ನಡುವಿನದು ರಸೀದಿ ಪುಸ್ತಕದಲ್ಲಿ ಇರುವುದು, ಕೊನೆಯದು ಎಕ್ಸೆಲ್ ತೋರಿಸುವುದು. ಸಂಖ್ಯೆಗಳು ಉದಾಹರಣೆಗೆ ಅಷ್ಟೇ.

```
411   28/02/2023   28/02/2023
412   03/03/2023   2023-03-03
413   04/03/2023   2023-04-03
414   07/03/2023   2023-07-03
415   13/03/2023   13/03/2023
```

ರಸೀದಿ ಪುಸ್ತಕದಲ್ಲಿ ಸಂಖ್ಯೆ ಮುಂದೆ ಹೋದ ಹಾಗೆ ದಿನಾಂಕವೂ ಮುಂದೆ ಹೋಗಬೇಕು, ಅಲ್ವಾ? ಇಲ್ಲಿ 413 ಏಪ್ರಿಲ್‌ಗೆ, 414 ಜುಲೈಗೆ ಹಾರಿ, 415 ಮತ್ತೆ ಮಾರ್ಚ್‌ಗೆ ಬರುತ್ತಿದೆ. ದಿನ ತಿಂಗಳು ಅದಲುಬದಲಾಗಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. 412ಕ್ಕೆ ಏನೂ ಆಗಿಲ್ಲ, ಯಾಕೆಂದರೆ 03/03 ಯಾವ ಕಡೆಯಿಂದ ಓದಿದರೂ ಒಂದೇ.

ಇನ್ನೊಂದು ಗುರುತೂ ಇದೆ. ಹೀಗೆ ಹಾಳಾದ ಸಾಲುಗಳಲ್ಲಿ ಬಲಕ್ಕೆ ನಿಂತಿರುವ ಯಾವ ದಿನಾಂಕದಲ್ಲೂ ದಿನದ ಅಂಕಿ 12 ದಾಟುವುದಿಲ್ಲ, ಯಾಕೆಂದರೆ ಆ ಜಾಗದಲ್ಲಿ ಕೂತಿರುವುದು ಅಸಲಿನಲ್ಲಿ ತಿಂಗಳು. ಪಠ್ಯವಾಗಿ ಉಳಿದ ಸಾಲುಗಳಲ್ಲಿ ಮೊದಲ ಅಂಕಿ ಯಾವಾಗಲೂ 13 ಅಥವಾ ಅದಕ್ಕಿಂತ ಜಾಸ್ತಿ. ಎರಡೂ ಹೊಂದಿದರೆ ನೆಮ್ಮದಿಯಿಂದ ಮುಂದೆ ಹೋಗಿ. ಬಲಕ್ಕಿರುವ ಒಂದು ಸಾಲಿನಲ್ಲಾದರೂ ದಿನ 25 ಅಂತ ಸಿಕ್ಕರೆ ಆ ಸಾಲು ಬೇರೆ ದಾರಿಯಲ್ಲಿ ಬಂದಿದೆ. ಯಾರೋ ಆಮೇಲೆ ಕೈಯಲ್ಲಿ ಟೈಪ್ ಮಾಡಿರಬಹುದು. ಅಂಥದ್ದನ್ನು ಪಕ್ಕಕ್ಕೆ ತೆಗೆದಿಡಿ.

ನಿಮ್ಮ ಹಳೆಯ ಸಿಎಸ್‌ವಿ ಇನ್ನೂ ಇದ್ದರೆ ರಿಪೇರಿ ಮಾಡುವುದಕ್ಕಿಂತ ಅದಕ್ಕೇ ವಾಪಸ್ ಹೋಗುವುದು ಒಳ್ಳೆಯದು. ಆದರೆ ಡಬಲ್ ಕ್ಲಿಕ್ ಮಾಡಬೇಡಿ. ಎಕ್ಸೆಲ್‌ನಲ್ಲಿ `Data` ಒಳಗಿನ `From Text/CSV` ಮೂಲಕ ತಂದು, ಅಲ್ಲಿ `Do not detect data types` ಆಯ್ದುಕೊಳ್ಳಿ. ಗೂಗಲ್ ಶೀಟ್ಸ್ ಆದರೆ `Import` ಮಾಡುವಾಗ `Convert text to numbers, dates, and formulas` ಮುಂದಿನ ಟಿಕ್ ತೆಗೆಯಿರಿ. ಆಗ ಎಲ್ಲವೂ ಪಠ್ಯವಾಗಿಯೇ ಬರುತ್ತದೆ, ಯಾವುದೂ ತಿರುಗುವುದಿಲ್ಲ. ಆಮೇಲೆ ವರ್ಷ ಮೊದಲು ಬರುವಂತೆ ಮಾಡಲು ಕೆಳಗಿನ ಫಾರ್ಮುಲಾವನ್ನೇ ಹಾಕಿದರೆ ಸಾಕು.

ಹಳೆಯ ಫೈಲ್ ಇಲ್ಲದಿದ್ದರೂ ಹೆದರಬೇಕಾಗಿಲ್ಲ. ಈ ಹಾನಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಬಹುದು. A ಕಾಲಂನಲ್ಲಿ ರಸೀದಿ ಸಂಖ್ಯೆ, B ಕಾಲಂನಲ್ಲಿ ದಿನಾಂಕ ಇದೆ ಅಂದುಕೊಳ್ಳೋಣ. C ಕಾಲಂ ಅನ್ನು ಹೊಸದಾಗಿ ಮಾಡಿ, ರಸೀದಿ ಸಂಖ್ಯೆ ಇರುವ ಸಾಲುಗಳಿಗೆ ಇದನ್ನು ಹಾಕಿ:

```
=IF(ISNUMBER(B2),
 TEXT(DATE(YEAR(B2),DAY(B2),MONTH(B2)),"yyyy-mm-dd"),
 RIGHT(B2,4)&"-"&MID(B2,4,2)&"-"&LEFT(B2,2))
```

`ISNUMBER` ಕೇಳುವುದು ಈ ಸೆಲ್ ಒಳಗೆ ಸಂಖ್ಯೆ ಇದೆಯಾ ಅಂತ. ಇದ್ದರೆ ಅದು ತಿರುಗಿದ ದಿನಾಂಕ. `DATE` ಕೇಳುವ ಕ್ರಮ ವರ್ಷ, ತಿಂಗಳು, ದಿನ. ನಾವು ತಿಂಗಳ ಜಾಗಕ್ಕೆ ಬೇಕೆಂದೇ `DAY` ಕೊಟ್ಟಿದ್ದೇವೆ, ಹಾಗಾಗಿ 413ರ ಏಪ್ರಿಲ್ 3 ಮತ್ತೆ `2023-03-04` ಆಗುತ್ತದೆ. ಪಠ್ಯವಾಗಿ ಉಳಿದ 415ರಲ್ಲಿ ತಿರುಗಿಸುವುದಕ್ಕೆ ಏನೂ ಇಲ್ಲ, ತುಂಡುಗಳನ್ನು ಕತ್ತರಿಸಿ ಜೋಡಿಸಿದರೆ ಸಾಕು. ಆದರೆ ಕತ್ತರಿಸುವ ಭಾಗ ಅಕ್ಷರ ಎಣಿಸಿ ಕೆಲಸ ಮಾಡುತ್ತದೆ. ಯಾರಾದರೂ 13/3/2023 ಅಂತ ಸೊನ್ನೆ ಬಿಟ್ಟಿದ್ದರೆ, ಅಥವಾ ಕೊನೆಯಲ್ಲಿ ಒಂದು ಖಾಲಿ ಜಾಗ ಇದ್ದರೆ, ತಪ್ಪು ಉತ್ತರ ಬರುತ್ತದೆ. ಆದ್ದರಿಂದ ಪಠ್ಯದ ಸಾಲುಗಳಿಗೆಲ್ಲ `=LEN(B2)` ಹಾಕಿ ನೋಡಿ. 10 ಬರದ ಸಾಲುಗಳನ್ನು ಕೈಯಲ್ಲೇ ಸರಿಮಾಡಿ.

ಅಮೆರಿಕದ ಸಾಲುಗಳಿಗೆ ಇದೇ ಫಾರ್ಮುಲಾ ಎಳೆದುಬಿಟ್ಟರೆ ಸರಿಯಾಗಿದ್ದದ್ದೂ ಕೆಡುತ್ತದೆ. ಅವನ್ನು ನಿಮ್ಮ ಗೆಳೆಯ ತಿಂಗಳು ಮೊದಲು ಇಟ್ಟು, ತಿಂಗಳು ಮೊದಲು ಓದುವ ಯಂತ್ರದಲ್ಲೇ ಟೈಪ್ ಮಾಡಿದ್ದಾನೆ. ಅವಕ್ಕೆ ಇಷ್ಟು ಸಾಕು:

```
=IF(ISNUMBER(B2),TEXT(B2,"yyyy-mm-dd"),B2)
```

ಆದರೆ ಈ ಭಾಗವನ್ನು ನಿಧಾನವಾಗಿ ನೋಡಿ, ಏಕೆಂದರೆ ನಿಜವಾದ ಗೊಂದಲ ಇರುವುದು ಇಲ್ಲೇ. ಊರಿನ ರಸೀದಿಗಳ ವಿಷಯದಲ್ಲಿ ಬರೆದವರ ರೂಢಿ ಗೊತ್ತು, ತಪ್ಪು ಓದಿದ್ದು ಯಂತ್ರ. ಅಮೆರಿಕದ ಸಾಲುಗಳಲ್ಲಿ ಬರೆದವರೇ ಬೇರೆ ಬೇರೆ ಥರ ಬರೆದಿರಬಹುದು. ಈಚೆಗೆ ಅಲ್ಲಿಗೆ ಹೋದವರು ಊರಿನ ಅಭ್ಯಾಸದಂತೆ ದಿನವನ್ನೇ ಮೊದಲು ಬರೆಯುತ್ತಾರೆ. ಅಂಥವರು 04/03/2023 ಅಂತ ಕಳಿಸಿ, ನಿಮ್ಮ ಗೆಳೆಯ ಅದನ್ನು ಹಾಗೇ ನಕಲು ಮಾಡಿದ್ದರೆ ಏಪ್ರಿಲ್ 3 ಆಗಿ ಕೂತಿರುತ್ತದೆ. ರಸೀದಿ ಸಂಖ್ಯೆ ಇಲ್ಲದಿರುವುದರಿಂದ ಕ್ರಮ ನೋಡಿ ಹಿಡಿಯಲೂ ಆಗುವುದಿಲ್ಲ. ಮೇಲಿನ ಸುಲಭ ಫಾರ್ಮುಲಾ ಹಾಕಿದ ಮೇಲೂ ಯಾವುದಾದರೂ ಸಾಲು 25/03/2023 ಅಂತಲೇ ಉಳಿದರೆ, ಆ ಗುಂಪಿನಲ್ಲಿ ದಿನ ಮೊದಲು ಬರೆಯುವವರು ಇದ್ದಾರೆ ಅಂತ ಖಚಿತ. ಆ ಒಂದು ಸಾಲನ್ನು ಕೈಯಲ್ಲಿ ತಿದ್ದಿ ಮುಂದೆ ಹೋಗಬೇಡಿ. ಅದೇ ವ್ಯಕ್ತಿ ಕಳಿಸಿದ ಉಳಿದ ಸಾಲುಗಳನ್ನೂ ಹುಡುಕಿ.

ವರ್ಷದ 365 ದಿನಗಳಲ್ಲಿ ಎರಡೂ ಕಡೆಯಿಂದ ಓದಿ ಬೇರೆ ಬೇರೆ ದಿನ ಕೊಡುವವು 132. ಅಂದರೆ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಉಳಿದವು ತಾವೇ ಹೇಳಿಬಿಡುತ್ತವೆ: ಒಂದು ಅಂಕಿ 12 ದಾಟಿರುತ್ತದೆ, ಇಲ್ಲವೇ ಎರಡೂ ಒಂದೇ ಆಗಿರುತ್ತವೆ. ಆದ್ದರಿಂದ ಒಬ್ಬರಿಂದ ನಾಲ್ಕಾರು ಸಾಲು ಇದ್ದರೆ ಸಾಮಾನ್ಯವಾಗಿ ಒಂದರಲ್ಲಾದರೂ ಅವರ ರೂಢಿ ಗೊತ್ತಾಗುತ್ತದೆ. ಇದು ಕೈಕೊಡುವುದು ತಿಂಗಳ ಮೊದಲ ವಾರದಲ್ಲೇ, ಸಂಬಳ ಬಂದ ಕೂಡಲೇ ಕೊಡುವವರಲ್ಲಿ. ಅವರ ದಿನದ ಅಂಕಿ ಎಂದೂ 12 ದಾಟುವುದೇ ಇಲ್ಲ. ಆದರೆ ಅವರು ತಿಂಗಳು ತಿಂಗಳೂ ಕೊಟ್ಟಿದ್ದರೆ ಬೇರೆ ಸುಳಿವು ಸಿಗುತ್ತದೆ: ಒಂದು ಅಂಕಿ ಒಂದೇ ಆಗಿ ನಿಂತಿರುತ್ತದೆ, ಇನ್ನೊಂದು ಸಾಲಿನಿಂದ ಸಾಲಿಗೆ ಏರುತ್ತಿರುತ್ತದೆ. ಏರುವುದು ತಿಂಗಳು.

ವಾರದಿಂದಲೂ ಪತ್ತೆ ಹಚ್ಚಬಹುದು. ಹಣ ಅವರ ಶನಿವಾರದ ಕೂಟದಲ್ಲಿ ಸೇರಿದ್ದು ಅಂತ ಗೊತ್ತಿದ್ದರೆ, 2023ರ ಮಾರ್ಚ್ 4 ಶನಿವಾರ, ಏಪ್ರಿಲ್ 3 ಸೋಮವಾರ. ಅಲ್ಲಿಗೆ ತೀರ್ಮಾನವಾಯಿತು. ಫೈಲ್ ನಿಮಗೆ ಬಂದ ದಿನಕ್ಕಿಂತ ಮುಂದಿನ ದಿನಾಂಕ ಸಿಕ್ಕರೂ ಅಷ್ಟೇ, ಕೊಡದ ದುಡ್ಡಿಗೆ ದಿನಾಂಕ ಇರಲು ಸಾಧ್ಯವಿಲ್ಲ. ಇವು ಯಾವುದೂ ಸಿಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಮೊತ್ತ ಮತ್ತು ಹೆಸರು ಹೊಂದಿಸಿ ನೋಡಿ. ಹಣ ಖಾತೆಗೆ ಬೀಳಲು ಒಂದೆರಡು ದಿನ ತಡವಾಗಿರಬಹುದು. ಆದರೆ ಮಾರ್ಚ್ 4ಕ್ಕೂ ಏಪ್ರಿಲ್ 3ಕ್ಕೂ ಒಂದು ತಿಂಗಳ ಅಂತರ ಇರುವುದರಿಂದ ಆ ತಡ ನಮಗೆ ಅಡ್ಡಿಯಾಗುವುದಿಲ್ಲ.

ಅದೂ ಆಗದಿದ್ದರೆ ಊಹೆ ಮಾಡಿ ತುಂಬಬೇಡಿ. ಆ ಸಾಲಿಗೆ ಬರೀ `2023` ಅಂತ ಬರೆಯಿರಿ, ವರ್ಷವಂತೂ ಗೊತ್ತಿದೆಯಲ್ಲ. ದೇಣಿಗೆಯ ಪಟ್ಟಿಯಲ್ಲಿ ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಹಣಕಾಸು ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಮಾರ್ಚ್ 4ರ ದೇಣಿಗೆ 2022-23ರ ಲೆಕ್ಕಕ್ಕೆ ಹೋಗುತ್ತದೆ, ಏಪ್ರಿಲ್ 3ರದ್ದು 2023-24ಕ್ಕೆ. ನಿಮ್ಮ ಟ್ರಸ್ಟ್ 80ಜಿ ರಸೀದಿ ಕೊಡುತ್ತಿದ್ದರೆ, ಕೊಟ್ಟವರು ತೆರಿಗೆ ವಿನಾಯಿತಿ ಕೇಳುವ ವರ್ಷವೇ ಬದಲಾಗಿಬಿಡುತ್ತದೆ. ಖಾಲಿ ಇರುವ ದಿನಾಂಕವನ್ನು ಯಾರಾದರೂ ಕೇಳಿ ತುಂಬುತ್ತಾರೆ. ತಪ್ಪು ದಿನಾಂಕವನ್ನು ಯಾರೂ ಕೇಳುವುದಿಲ್ಲ.

B ಕಾಲಂ ಅನ್ನು ಅಳಿಸಬೇಡಿ. D ಕಾಲಂನಲ್ಲಿ ಪ್ರತಿ ಸಾಲಿಗೂ ಹೇಗೆ ತೀರ್ಮಾನಿಸಿದಿರಿ ಅಂತ ಒಂದೆರಡು ಪದ ಬರೆದಿಡಿ: ರಸೀದಿ ಕ್ರಮ, ಬ್ಯಾಂಕ್, ಗೊತ್ತಿಲ್ಲ. ಆಮೇಲೆ ಊರಿನ ಸಾಲುಗಳನ್ನು ರಸೀದಿ ಸಂಖ್ಯೆಯಂತೆ ಸಾರ್ಟ್ ಮಾಡಿ, E ಕಾಲಂನಲ್ಲಿ ಎರಡನೇ ರಸೀದಿಯ ಸಾಲಿನಿಂದ ಶುರುಮಾಡಿ `=C3<C2` ಎಳೆಯಿರಿ. ವರ್ಷ-ತಿಂಗಳು-ದಿನ ಬರಹದಲ್ಲಿ ಪಠ್ಯವನ್ನು ಹೋಲಿಸಿದರೂ ದಿನಾಂಕದ ಕ್ರಮವೇ ಬರುತ್ತದೆ, ಹಾಗಾಗಿ ಇದು ಕೆಲಸ ಮಾಡುತ್ತದೆ. `TRUE` ಬಂದ ಕಡೆ ದಿನಾಂಕ ಹಿಂದಕ್ಕೆ ಹೋಗಿದೆ ಅಂತ ಅರ್ಥ, ಆ ಸಾಲು ನೋಡಿ. ಒಟ್ಟಿಗೆ ಎರಡು ರಸೀದಿ ಪುಸ್ತಕ ಬಳಸಿದ್ದರೆ ಪುಸ್ತಕಕ್ಕೊಂದರಂತೆ ಬೇರೆ ಬೇರೆ ಮಾಡಬೇಕು.

ಕೊನೆಗೆ C ಕಾಲಂ ನಕಲು ಮಾಡಿ `Paste Special` ಒಳಗಿನ `Values` ಮೂಲಕ ಅಲ್ಲೇ ಅಂಟಿಸಿ, ಫಾರ್ಮುಲಾ ಹೋಗಿ ಬರೀ ಪಠ್ಯ ಉಳಿಯಲಿ. ಗೆಳೆಯನಿಗೆ ಎಕ್ಸೆಲ್ ಫೈಲನ್ನೇ ಕಳಿಸಿ, ಸಿಎಸ್‌ವಿ ಬೇಡ. ಸಿಎಸ್‌ವಿಯಲ್ಲಿ `2023-03-04` ಅಂತ ಇದ್ದರೆ ಎಕ್ಸೆಲ್ ಅದನ್ನು ಮಾರ್ಚ್ 4 ಅಂತ ಸರಿಯಾಗಿಯೇ ಓದುತ್ತದೆ. ಆದರೆ ಅವನ ಲ್ಯಾಪ್‌ಟಾಪಿನಲ್ಲಿ 3/4/2023 ಅಂತ ತೋರಿಸಿ, ಅವನು ಸೇವ್ ಒತ್ತಿದರೆ ಫೈಲಿಗೂ ಹಾಗೆಯೇ ಬರೆದುಬಿಡುತ್ತದೆ. ಆ ಫೈಲನ್ನು ನೀವು ಇಲ್ಲಿ ತೆರೆದರೆ ಮತ್ತೆ ಏಪ್ರಿಲ್ 3. ಅವನು ಸಿಎಸ್‌ವಿಯೇ ಬೇಕು ಅಂದರೆ, ಮೇಲೆ ಹೇಳಿದ `From Text/CSV` ದಾರಿಯಲ್ಲೇ ತೆರೆಯಲು ಹೇಳಿ.